ಪದಕೋಶದ ಮೂರನೆಯ ಕಾಲಂ: ಉಷ್ಣದ ಪಾಠವನ್ನು ಮುಂದಿಟ್ಟುಕೊಂಡು

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕ ಹಿಡಿಯುವ ಮಕ್ಕಳಿಗಾಗಿ ಭೌತವಿಜ್ಞಾನದ ಪದಕೋಶ ಮಾಡುತ್ತಿದ್ದೇನೆ. ಮೂರು ಕಾಲಂ ಇಟ್ಟಿದ್ದೇನೆ: ಇಂಗ್ಲಿಷ್ ಪದ, ಕನ್ನಡ ಅರ್ಥ, ಉದಾಹರಣೆ ವಾಕ್ಯ. ಉಷ್ಣದ ಪಾಠಕ್ಕೆ ಬಂದಾಗ ಕೈಕಟ್ಟಿದಂತಾಗಿದೆ. ಟೆಂಪರೇಚರ್ ಎಂಬುದಕ್ಕೆ ಒಂದು ಕಡೆ ತಾಪ, ಇನ್ನೊಂದು ಕಡೆ ಉಷ್ಣತೆ, ಮತ್ತೊಂದು ಕಡೆ ತಾಪಮಾನ, ಉಷ್ಣಾಂಶ. ಎಲ್ಲವನ್ನೂ ಬರೆದುಬಿಡಲೇ? ಉದಾಹರಣೆಗಳೂ ಸಪ್ಪೆಯಾಗಿವೆ. ‘ಸೂರ್ಯನಿಂದ ನಮಗೆ ಉಷ್ಣ ದೊರೆಯುತ್ತದೆ’, ‘ಇಂದು ತಾಪ ಹೆಚ್ಚಾಗಿದೆ’ ಎಂಬಂಥವು. ಇವು ಮಕ್ಕಳಿಗೆ ಉಪಯೋಗವಾಗುತ್ತವೆಯೇ?

ಉತ್ತರ: ಆ ಎರಡು ವಾಕ್ಯಗಳಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ಎರಡು ತೊಂದರೆಗಳ ಬೇರೂ ಅಲ್ಲಿಯೇ ಇದೆ. ಮೊದಲನೆಯ ವಾಕ್ಯದಲ್ಲಿ ‘ಉಷ್ಣ’ ಇರುವ ಜಾಗವನ್ನು ಬೆರಳಿನಿಂದ ಮುಚ್ಚಿ. ಅಲ್ಲಿ ಬೆಳಕು ಎಂದು ಓದಿ, ಶಕ್ತಿ ಎಂದು ಓದಿ, ಕಾವು ಎಂದು ಓದಿ. ವಾಕ್ಯ ಒಂದಿಷ್ಟೂ ಅಲುಗಾಡುವುದಿಲ್ಲ. ಎರಡನೆಯದರಲ್ಲಿ ತಾಪದ ಬದಲು ಸೆಕೆ, ಬಿಸಿಲು, ಧೂಳು, ಗದ್ದಲ ಯಾವುದನ್ನು ಇಟ್ಟರೂ ನಡೆಯುತ್ತದೆ. ಪದವನ್ನು ಬದಲಾಯಿಸಿದರೂ ನಿಲ್ಲುವ ವಾಕ್ಯ ಆ ಪದದ ಬಗ್ಗೆ ಏನನ್ನೂ ಹೇಳಿಲ್ಲ ಎಂದೇ ಅರ್ಥ. ಈಗ ಇದನ್ನು ನೋಡಿ:

‘ಕರಗುತ್ತಿರುವ ಮಂಜುಗಡ್ಡೆಗೆ ಉಷ್ಣವನ್ನು ಕೊಡುತ್ತಲೇ ಹೋದರೂ ಅದು ಪೂರ್ತಿ ಕರಗುವವರೆಗೆ ತಾಪ 0 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೇರುವುದಿಲ್ಲ.’

ಇಲ್ಲಿ ಉಷ್ಣ, ತಾಪ ಎರಡನ್ನೂ ಅದಲು ಬದಲು ಮಾಡಿದರೆ ವಾಕ್ಯ ಕುಸಿದುಬೀಳುತ್ತದೆ. ಒಂದು ನಾವು ಕೊಡುವಂಥದ್ದು, ಇನ್ನೊಂದು ಏರಿಳಿಯುವ ಅಳತೆ; ಒಂದನ್ನು ಕೊಟ್ಟರೂ ಇನ್ನೊಂದು ಏರದೆ ಇರಬಹುದು. ಎರಡೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಭೌತವಿಜ್ಞಾನದಲ್ಲೂ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ಆಸುಪಾಸಿನಲ್ಲಿ ಗುಪ್ತೋಷ್ಣವನ್ನು ಗುರುತಿಸಿದ್ದು ಇದೇ ಮಂಜುಗಡ್ಡೆಯ ವಿಚಿತ್ರದಿಂದ. ಅಲ್ಲಿಯವರೆಗೆ ವಿದ್ವಾಂಸರಿಗೂ ಈ ಎರಡು ಕಲ್ಪನೆಗಳು ಸ್ಪಷ್ಟವಾಗಿ ಬೇರೆಯಾಗಿರಲಿಲ್ಲ. ಹದಿನೈದು ವರ್ಷದ ಹುಡುಗಿಗೆ ಅವು ಕಲಸಿಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದ್ದರಿಂದಲೇ ಉದಾಹರಣೆ ವಾಕ್ಯವನ್ನು ಕೊನೆಯಲ್ಲಿ ತುಂಬುವ ಖಾಲಿ ಜಾಗವೆಂದು ನೋಡಬೇಡಿ. ಪದವನ್ನು ಅದರ ನೆರೆಹೊರೆಯ ಪದದಿಂದ ಬಿಡಿಸಿ ತೋರಿಸುವ ಕೆಲಸ ಅದರದು, ಮತ್ತು ನಿಮ್ಮ ಕೋಷ್ಟಕದಲ್ಲಿ ಆ ಕೆಲಸ ಮಾಡಬಲ್ಲದ್ದು ಅದೊಂದೇ.

ಇದರಿಂದ ಒಂದು ಕೆಲಸದ ಕ್ರಮ ಹುಟ್ಟುತ್ತದೆ. ಅಕಾರಾದಿಯಾಗಿ ಬರೆಯುತ್ತಾ ಹೋಗಬೇಡಿ. ಅಕಾರಾದಿಯಲ್ಲಿ ಹೀಟ್ ಎಲ್ಲೋ, ಟೆಂಪರೇಚರ್ ಇನ್ನೆಲ್ಲೋ ಇರುತ್ತವೆ. ಅವೆರಡನ್ನೂ ಒಟ್ಟಿಗೆ ನೋಡುವ ಅವಕಾಶವೇ ನಿಮಗೆ ಸಿಗುವುದಿಲ್ಲ. ಒಂದಕ್ಕೊಂದು ಕಲಸಿಹೋಗುವ ಪದಗಳನ್ನು ಗುಂಪು ಮಾಡಿ, ಒಂದು ಗುಂಪನ್ನು ಪೂರ್ತಿ ಮುಗಿಸಿ ಮುಂದಕ್ಕೆ ಹೋಗಿ. ಉಷ್ಣದ ಪಾಠದಲ್ಲಿ ಮೂರು ಗುಂಪುಗಳು ಸಹಜವಾಗಿ ಬೀಳುತ್ತವೆ. ಹೀಟ್, ಟೆಂಪರೇಚರ್, ಸ್ಪೆಸಿಫಿಕ್ ಹೀಟ್, ಹೀಟ್ ಕೆಪ್ಯಾಸಿಟಿ, ಲೇಟೆಂಟ್ ಹೀಟ್ ಒಂದು ಗುಂಪು. ಕಂಡಕ್ಷನ್, ಕನ್ವೆಕ್ಷನ್, ರೇಡಿಯೇಷನ್ ಇನ್ನೊಂದು. ಇವಾಪರೇಷನ್, ಬಾಯ್ಲಿಂಗ್, ಮೆಲ್ಟಿಂಗ್, ಫ್ಯೂಷನ್ ಮತ್ತೊಂದು. ಅಕಾರಾದಿಯ ಜೋಡಣೆ ಮುದ್ರಣದ ಹಿಂದಿನ ದಿನ ಒಂದು ಗುಂಡಿ ಒತ್ತಿದರೆ ಆಗುವ ಕೆಲಸ.

ಇನ್ನು ಟೆಂಪರೇಚರ್‌ಗೆ ಯಾವ ಪದ ಎಂಬ ಪ್ರಶ್ನೆ. ಎಲ್ಲವನ್ನೂ ಬರೆದುಬಿಡಬೇಡಿ. ನಾಲ್ಕು ಪದಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿದರೆ ಮಗು ಅವುಗಳಲ್ಲಿ ಯಾವುದನ್ನಾದರೂ ಎಲ್ಲಿಯಾದರೂ ಬಳಸಬಹುದು ಎಂದುಕೊಳ್ಳುತ್ತದೆ. ಆಮೇಲೆ ನೀವೇ ಒಂದು ಸಾಲಿನಲ್ಲಿ ತಾಪ, ಇನ್ನೊಂದು ಸಾಲಿನಲ್ಲಿ ಉಷ್ಣತೆ ಎಂದು ಬರೆಯುವುದೂ ತಪ್ಪುವುದಿಲ್ಲ. ಒಂದನ್ನು ಆರಿಸಿ, ಇಡೀ ಪದಕೋಶದಲ್ಲಿ ಅದನ್ನೇ ನಡೆಸಿ. ಉಳಿದವುಗಳಲ್ಲಿ ಮಗುವಿನ ಕಣ್ಣಿಗೆ ಖಂಡಿತವಾಗಿ ಬೀಳುವ ಒಂದನ್ನು ಮಾತ್ರ ‘ತಾಪಮಾನ ಎಂದೂ ಹೇಳುತ್ತಾರೆ’ ಎಂದು ಪಕ್ಕದಲ್ಲಿ ಸೂಚಿಸಿದರೆ ಸಾಕು.

ಆರಿಸುವುದಾದರೂ ಹೇಗೆ? ನನ್ನ ಮೊದಲ ಪ್ರಶ್ನೆ ಸರಳ: ಈ ಮಕ್ಕಳು ಇಷ್ಟು ವರ್ಷ ಓದಿದ ಪಠ್ಯಪುಸ್ತಕದಲ್ಲಿ ಯಾವ ಪದವಿತ್ತು? ಅದು ತೀರಾ ಕೆಟ್ಟದ್ದಲ್ಲದಿದ್ದರೆ ಅದೇ ಇರಲಿ. ನಿಮ್ಮ ಪದಕೋಶ ಗೊತ್ತಿರುವ ದಡದಿಂದ ಗೊತ್ತಿಲ್ಲದ ದಡಕ್ಕೆ ದಾಟಿಸುವಂಥದ್ದು. ಗೊತ್ತಿರುವ ದಡವನ್ನೇ ಬದಲಿಸಿದರೆ ಮಗು ಎರಡೂ ಕಡೆ ಹೊಸಬನಾಗುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಪದ ಬದಲಾಗಿದ್ದರೆ ಮಾತ್ರ ಎರಡನೆಯ ಪರೀಕ್ಷೆಗೆ ಹೋಗಿ: ಆ ಪದದಿಂದ ಸಮಾಸಗಳು ಸಲೀಸಾಗಿ ಹುಟ್ಟುತ್ತವೆಯೇ, ಮತ್ತು ವಿಭಕ್ತಿ ಹತ್ತಿದಾಗ ಪಕ್ಕದ ಪದದೊಂದಿಗೆ ಗೊಂದಲವಾಗುತ್ತದೆಯೇ?

ಈ ನಾಲ್ಕನ್ನೂ ಹಾಗೆ ನೋಡಿದರೆ ಉಷ್ಣತೆ ಮೊದಲು ಹಿಂದೆ ಬೀಳುತ್ತದೆ. ‘ಉಷ್ಣ ಹೆಚ್ಚಿದ್ದರೂ ಉಷ್ಣತೆ ಹೆಚ್ಚಿಲ್ಲ’ ಎಂದು ತರಗತಿಯಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ಕೊನೆಯ ಬೆಂಚಿನ ಹುಡುಗನಿಗೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ಯಾವ ಎರಡು ಪದಗಳನ್ನು ಬಿಡಿಸಿ ಕಲಿಸಲು ನಾವು ಇಷ್ಟೆಲ್ಲ ಹೆಣಗುತ್ತೇವೆಯೋ ಅವೇ ಒಂದು ಅಕ್ಷರದ ಅಂತರದಲ್ಲಿ ನಿಂತಿರುವುದು ಕಲಿಯುವವರಿಗೆ ಅನ್ಯಾಯ. ಉಷ್ಣಾಂಶದ್ದೂ ಇದೇ ಪಾಡು. ಅದರೊಳಗೂ ಉಷ್ಣವೇ ಕೂತಿದೆ, ‘ಉಷ್ಣದ ಅಂಶ’ ಎಂದು ಬಿಡಿಸಿಕೊಂಡವನಿಗೆ ಅದು ಉಷ್ಣದ ಪ್ರಮಾಣವೆಂದೇ ತೋರುತ್ತದೆ. ತಾಪಮಾನ ಒಳ್ಳೆಯ ಪದ. ಹವಾಮಾನದ ಸುದ್ದಿಯಿಂದ ಎಲ್ಲರಿಗೂ ಗೊತ್ತಿದೆ, ಅಳತೆ ಎಂಬ ಸೂಚನೆಯೂ ಅದರಲ್ಲಿದೆ. ಆದರೆ ಅಳೆಯುವ ಉಪಕರಣಕ್ಕೆ ಬಂದಾಗ ‘ತಾಪಮಾನಮಾಪಕ’ ಎಂದು ನಾಲಿಗೆ ತೊಡರುತ್ತದೆ. ತಾಪ ಚಿಕ್ಕದು, ತಾಪಮಾಪಕ, ತಾಪವ್ಯತ್ಯಾಸ, ಸಮತಾಪ ಎಂದು ಬೇಕಾದ ಕಡೆ ಬಾಗುತ್ತದೆ. ಅದಕ್ಕೂ ಒಂದು ಕೊರತೆಯಿದೆ, ಮುಚ್ಚಿಡುವುದು ಬೇಡ: ‘ಬಿಸಿಲಿನ ತಾಪ’ ಎನ್ನುವಾಗ ನಮ್ಮ ಮನಸ್ಸಿನಲ್ಲಿ ಇರುವುದು ಕಾವೇ ಹೊರತು ಅಳತೆಯಲ್ಲ. ಹೀಗಾಗಿ ತಾಪವನ್ನು ಆರಿಸಿದರೆ ಉದಾಹರಣೆ ವಾಕ್ಯದಲ್ಲಿ ಒಂದು ಸಂಖ್ಯೆಯೂ ಡಿಗ್ರಿಯೂ ಕಡ್ಡಾಯವಾಗಿ ಇರಲಿ. ಸಂಖ್ಯೆ ಬಂದ ಕೂಡಲೇ ಅದು ಅಳತೆ ಎಂಬುದು ಖಚಿತವಾಗುತ್ತದೆ. ನಾನಾಗಿದ್ದರೆ ತಾಪವನ್ನೇ ಇಟ್ಟು, ತಾಪಮಾನವನ್ನು ಪಕ್ಕದಲ್ಲಿ ಸೂಚಿಸುತ್ತಿದ್ದೆ.

ಇದೇ ಎಳೆಯಲ್ಲಿ ಇನ್ನೊಂದು ಬಲೆ ಇದೆ. ಥರ್ಮಾಮೀಟರ್‌ಗೆ ಕೆಲವರು ಉಷ್ಣಮಾಪಕ ಎನ್ನುತ್ತಾರೆ. ಅದು ಅಳೆಯುವುದು ತಾಪವನ್ನು, ಉಷ್ಣವನ್ನಲ್ಲ. ಉಷ್ಣವನ್ನು ಅಳೆಯುವ ಉಪಕರಣ ಬೇರೆಯೇ ಇದೆ, ಅದು ಕ್ಯಾಲರಿಮೀಟರ್. ಉಷ್ಣಮಾಪಕ ಎಂಬ ಹೆಸರನ್ನು ಥರ್ಮಾಮೀಟರ್‌ಗೆ ಕೊಟ್ಟುಬಿಟ್ಟರೆ ಕ್ಯಾಲರಿಮೀಟರ್‌ಗೆ ಹೆಸರಿಲ್ಲದಂತಾಗುತ್ತದೆ. ಹೀಗೆ ಒಂದು ಸಾಲಿನಲ್ಲಿ ಆರಿಸಿದ ಪದ ಹತ್ತು ಸಾಲುಗಳಾಚೆಗೆ ಪರಿಣಾಮ ಬೀರುತ್ತದೆ. ಗುಂಪಾಗಿ ಕೆಲಸ ಮಾಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ಎರಡನೆಯ ಕಾಲಂ. ‘ಕನ್ನಡ ಅರ್ಥ’ ಎಂಬ ತಲೆಬರಹದ ಕೆಳಗೆ ನಿಜವಾಗಿ ಎರಡು ಬೇರೆ ವಿಷಯಗಳು ಸೇರಿಕೊಳ್ಳುತ್ತವೆ: ಸಮಾನ ಪದ ಮತ್ತು ವಿವರಣೆ. ಸ್ಪೆಸಿಫಿಕ್ ಹೀಟ್ ಎಂಬುದರ ಎದುರು ‘ವಿಶಿಷ್ಟ ಉಷ್ಣ’ ಎಂದಷ್ಟೇ ಬರೆದರೆ ಹೆಸರು ಸಿಕ್ಕಿತು, ಅರ್ಥ ಸಿಗಲಿಲ್ಲ. ‘1 ಕಿಲೋಗ್ರಾಂ ವಸ್ತುವಿನ ತಾಪವನ್ನು 1 ಡಿಗ್ರಿ ಏರಿಸಲು ಬೇಕಾಗುವ ಉಷ್ಣ’ ಎಂದಷ್ಟೇ ಬರೆದರೆ ಅರ್ಥ ಸಿಕ್ಕಿತು, ಉತ್ತರಪತ್ರಿಕೆಯಲ್ಲಿ ಬರೆಯಲು ಹೆಸರು ಸಿಗಲಿಲ್ಲ. ಎರಡೂ ಬೇಕು. ಅದೇ ಕಾಲಂನಲ್ಲಿ ಮೊದಲು ದಪ್ಪಕ್ಷರದಲ್ಲಿ ಸಮಾನ ಪದ, ಆಮೇಲೆ ಒಂದೇ ಸಾಲಿನ ವಿವರಣೆ ಎಂದು ನಿಯಮ ಮಾಡಿಕೊಳ್ಳಿ. ವಿವರಣೆಯಲ್ಲಿ ಬರುವ ತಾಂತ್ರಿಕ ಪದಗಳು ಪದಕೋಶದಲ್ಲಿ ಬೇರೆ ಸಾಲಿನಲ್ಲಿ ಇರಲೇಬೇಕು. ಇಲ್ಲವಾದರೆ ಮಗು ಒಂದು ಬಾಗಿಲಿನಿಂದ ಇನ್ನೊಂದು ಮುಚ್ಚಿದ ಬಾಗಿಲಿಗೆ ಬಂದು ನಿಲ್ಲುತ್ತದೆ.

ಲೇಟೆಂಟ್ ಹೀಟ್ ಒಂದನ್ನು ಮುಂದಕ್ಕೆ ಉಳಿಸಿಕೊಂಡು, ಮೊದಲ ಗುಂಪೂ ಎರಡನೆಯದೂ ನನ್ನ ಕೈಯಲ್ಲಿ ಹೀಗೆ ಬಂದವು. ಇಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಪುಸ್ತಿಕೆಯಲ್ಲಿ ಅವು ರೋಮನ್ ಲಿಪಿಯಲ್ಲಿ ಇರಲಿ, ಪಕ್ಕದಲ್ಲಿ ಕನ್ನಡ ಲಿಪಿಯ ಉಚ್ಚಾರಣೆ ಇರಲಿ. ಮಕ್ಕಳು ಹುಡುಕುವುದು ಕಾಗುಣಿತದಿಂದ, ಉಪನ್ಯಾಸಕರ ಬಾಯಿಂದ ಕೇಳುವುದು ಉಚ್ಚಾರಣೆಯನ್ನು.

| ಇಂಗ್ಲಿಷ್ ಪದ | ಕನ್ನಡ ಪದ ಮತ್ತು ವಿವರಣೆ | ಉದಾಹರಣೆ ವಾಕ್ಯ |
|---|---|---|
| ಹೀಟ್ | ಉಷ್ಣ: ತಾಪದ ವ್ಯತ್ಯಾಸದಿಂದಾಗಿ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿ | ಬಿಸಿ ನೀರಿನಲ್ಲಿ ತಣ್ಣನೆಯ ಚಮಚ ಇಟ್ಟರೆ ನೀರಿನಿಂದ ಚಮಚಕ್ಕೆ ಉಷ್ಣ ಹರಿಯುತ್ತದೆ, ಎರಡರ ತಾಪವೂ ಒಂದೇ ಆದಾಗ ಹರಿವು ನಿಲ್ಲುತ್ತದೆ. |
| ಟೆಂಪರೇಚರ್ | ತಾಪ (ತಾಪಮಾನ ಎಂದೂ ಹೇಳುತ್ತಾರೆ): ವಸ್ತು ಎಷ್ಟು ಬಿಸಿ ಅಥವಾ ತಣ್ಣಗಿದೆ ಎಂಬುದರ ಅಳತೆ | ಕರಗುತ್ತಿರುವ ಮಂಜುಗಡ್ಡೆಗೆ ಉಷ್ಣ ಕೊಡುತ್ತಲೇ ಹೋದರೂ ಅದು ಪೂರ್ತಿ ಕರಗುವವರೆಗೆ ತಾಪ 0 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೇರುವುದಿಲ್ಲ. |
| ಸ್ಪೆಸಿಫಿಕ್ ಹೀಟ್ | ವಿಶಿಷ್ಟ ಉಷ್ಣ: 1 ಕಿಲೋಗ್ರಾಂ ವಸ್ತುವಿನ ತಾಪವನ್ನು 1 ಡಿಗ್ರಿ ಏರಿಸಲು ಬೇಕಾಗುವ ಉಷ್ಣ | 1 ಕಿಲೋಗ್ರಾಂ ನೀರಿಗೂ 1 ಕಿಲೋಗ್ರಾಂ ಕಬ್ಬಿಣಕ್ಕೂ ಒಂದೇ ಪ್ರಮಾಣದ ಉಷ್ಣ ಕೊಟ್ಟರೆ ಕಬ್ಬಿಣದ ತಾಪ ಹೆಚ್ಚು ಏರುತ್ತದೆ, ಏಕೆಂದರೆ ಕಬ್ಬಿಣದ ವಿಶಿಷ್ಟ ಉಷ್ಣ ಕಡಿಮೆ. |
| ಹೀಟ್ ಕೆಪ್ಯಾಸಿಟಿ | ಉಷ್ಣಧಾರಣ ಸಾಮರ್ಥ್ಯ: ಇಡೀ ವಸ್ತುವಿನ ತಾಪವನ್ನು 1 ಡಿಗ್ರಿ ಏರಿಸಲು ಬೇಕಾಗುವ ಉಷ್ಣ | ಒಂದು ಲೋಟ ನೀರಿಗೂ ಒಂದು ಬಕೆಟ್ ನೀರಿಗೂ ವಿಶಿಷ್ಟ ಉಷ್ಣ ಒಂದೇ, ಉಷ್ಣಧಾರಣ ಸಾಮರ್ಥ್ಯ ಮಾತ್ರ ಬಕೆಟ್ ನೀರಿನದು ಹೆಚ್ಚು. |
| ಕಂಡಕ್ಷನ್ | ವಹನ: ವಸ್ತುವಿನ ಕಣಗಳು ಜಾಗ ಬಿಟ್ಟು ಹೋಗದೆ ಉಷ್ಣವನ್ನು ದಾಟಿಸುವುದು | ಕಬ್ಬಿಣದ ಸರಳಿನ ಒಂದು ತುದಿಯನ್ನು ಬೆಂಕಿಯಲ್ಲಿಟ್ಟರೆ ವಹನದಿಂದ ಇನ್ನೊಂದು ತುದಿಯೂ ಬಿಸಿಯಾಗುತ್ತದೆ. |
| ಕನ್ವೆಕ್ಷನ್ | ಸಂವಹನ: ದ್ರವ ಅಥವಾ ಅನಿಲ ತಾನೇ ಚಲಿಸಿ ಉಷ್ಣವನ್ನು ಒಯ್ಯುವುದು | ತಳದಲ್ಲಿ ಬಿಸಿಯಾದ ನೀರು ಮೇಲೇರಿ, ತಣ್ಣನೆಯ ನೀರು ಕೆಳಗಿಳಿದು, ಸಂವಹನದಿಂದ ಪಾತ್ರೆಯ ನೀರೆಲ್ಲ ಬಿಸಿಯಾಗುತ್ತದೆ. |
| ರೇಡಿಯೇಷನ್ | ವಿಕಿರಣ: ನಡುವೆ ಯಾವ ವಸ್ತುವೂ ಬೇಕಿಲ್ಲದೆ ಶಕ್ತಿ ಸಾಗುವುದು | ಸೂರ್ಯನಿಗೂ ಭೂಮಿಗೂ ನಡುವೆ ನಿರ್ವಾತವಿದ್ದರೂ ವಿಕಿರಣದಿಂದ ಸೂರ್ಯನ ಶಕ್ತಿ ನಮ್ಮನ್ನು ತಲುಪುತ್ತದೆ. |

ಈ ಸಾಲುಗಳಲ್ಲಿ ಕ್ರಿಯಾಪದಗಳ ಮೇಲೆ ಕಣ್ಣಿಡಿ. ಉಷ್ಣ ಹರಿಯುತ್ತದೆ, ಕೊಡುತ್ತೇವೆ, ವಸ್ತು ಅದನ್ನು ಹೀರಿಕೊಳ್ಳುತ್ತದೆ ಅಥವಾ ಬಿಟ್ಟುಕೊಡುತ್ತದೆ. ತಾಪ ಏರುತ್ತದೆ, ಇಳಿಯುತ್ತದೆ, ಇಷ್ಟು ಡಿಗ್ರಿ ಇರುತ್ತದೆ. ‘ತಾಪ ಹರಿಯಿತು’, ‘ಉಷ್ಣ 40 ಡಿಗ್ರಿ ಇದೆ’ ಎಂದು ಬರೆಯುವ ವಿದ್ಯಾರ್ಥಿಗೆ ವಿವರಣೆ ಬಾಯಿಪಾಠವಾಗಿದ್ದರೂ ಕಲ್ಪನೆ ಕೂತಿಲ್ಲ. ವಿವರಣೆಯನ್ನು ಮರೆತರೂ ‘ಉಷ್ಣ ಹರಿಯುತ್ತದೆ, ತಾಪ ಏರುತ್ತದೆ’ ಎಂಬ ಜೋಡಿ ನೆನಪಿನಲ್ಲಿ ಉಳಿದರೆ ಅರ್ಧ ಪಾಠ ಬಂದಂತೆ. ಪದಕ್ಕೆ ಹೊಂದುವ ಕ್ರಿಯಾಪದವನ್ನು ಕಲಿಸಲು ಕೋಷ್ಟಕದಲ್ಲಿ ಇರುವ ಜಾಗ ಮೂರನೆಯ ಕಾಲಂ ಒಂದೇ. ಆದ್ದರಿಂದ ‘ಉಷ್ಣವು ಶಕ್ತಿಯ ಒಂದು ರೂಪವಾಗಿದೆ’ ಎಂಬಂಥ ಸಾಲುಗಳಿಂದ ಆ ಜಾಗವನ್ನು ತುಂಬಬೇಡಿ. ಅದು ಎರಡನೆಯ ಕಾಲಂನ ಮಾತು, ಉದಾಹರಣೆಯ ವೇಷ ಹಾಕಿಕೊಂಡು ಬಂದಿದೆ ಅಷ್ಟೇ.

ಒಂದು ಎಚ್ಚರಿಕೆ. ‘ಬಿಸಿ ನೀರಿನಲ್ಲಿ ಹೆಚ್ಚು ಉಷ್ಣ ಇದೆ’ ಎಂಬ ವಾಕ್ಯ ಬಹಳ ಸಹಜವಾಗಿ ಬಂದುಬಿಡುತ್ತದೆ. ಆದರೆ ಪಿಯುಸಿಯ ಭೌತವಿಜ್ಞಾನ ಇದನ್ನು ಒಪ್ಪುವುದಿಲ್ಲ. ವಸ್ತುವಿನೊಳಗೆ ಇರುವುದು ಆಂತರಿಕ ಶಕ್ತಿ. ಅದು ತಾಪವ್ಯತ್ಯಾಸದಿಂದ ಹೊರಗೆ ದಾಟುವಾಗ ಮಾತ್ರ ಅದಕ್ಕೆ ಉಷ್ಣ ಎಂದು ಹೆಸರು. ನಿಮ್ಮ ಮಕ್ಕಳು ಹೋಗುತ್ತಿರುವುದೇ ಅಲ್ಲಿಗೆ. ಮುಂದೆ ಬಿಡಿಸಿಕೊಳ್ಳಬೇಕಾದ ಗಂಟನ್ನು ಇಂದು ನಾವೇ ಹಾಕಬಾರದು.

ವಹನದ ಸಾಲನ್ನು ಬರೆಯುವಾಗ ಭಾಷೆಯದೇ ಆದ ತೊಡಕು ಒಂದು ಎದುರಾಗುತ್ತದೆ. ಇಂಗ್ಲಿಷ್ ಪುಸ್ತಕದ ವಾಕ್ಯವನ್ನು ಮುಂದಿಟ್ಟುಕೊಂಡು ಬರೆದರೆ ‘ಉಷ್ಣವು ಲೋಹದಿಂದ ವಹಿಸಲ್ಪಡುತ್ತದೆ’ ಎಂದಾಗುತ್ತದೆ. ಕನ್ನಡದಲ್ಲಿ ವಹಿಸುವುದು ಜವಾಬ್ದಾರಿಯನ್ನು, ಕಾಳಜಿಯನ್ನು, ಅಧ್ಯಕ್ಷತೆಯನ್ನು. ಲೋಹಕ್ಕೆ ಉಷ್ಣದ ಅಧ್ಯಕ್ಷತೆ ವಹಿಸಿಕೊಡುವುದು ಬೇಡ. ‘ವಹನವಾಗುತ್ತದೆ’, ‘ವಹನದಿಂದ ಬಿಸಿಯಾಗುತ್ತದೆ’ ಎಂದರೆ ಹಗುರವಾಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ಒಂದೇ ಬೇರಿನಿಂದ ಕಂಡಕ್ಟ್, ಕಂಡಕ್ಟರ್, ಕಂಡಕ್ಷನ್ ಬರುತ್ತವೆ. ಮಗುವಿಗೆ ಪುಸ್ತಕದಲ್ಲಿ ಇವು ಮೂರೂ ಎದುರಾಗುತ್ತವೆ. ಬೇರೆ ಬೇರೆ ಸಾಲು ಬೇಕಿಲ್ಲ, ಒಂದೇ ಸಾಲಿನಲ್ಲಿ ‘ವಹನ, ವಾಹಕ, ವಹನವಾಗು’ ಎಂದು ಮೂರೂ ರೂಪಗಳನ್ನು ಕೊಟ್ಟುಬಿಡಿ.

ಸಂವಹನ ಮತ್ತು ವಿಕಿರಣಗಳಿಗೆ ಹೊರಗಿನ ಸಂಬಂಧಗಳಿವೆ. ಸಂವಹನ ಎಂದ ಕೂಡಲೇ ಮಾತುಕತೆ, ಮಾಧ್ಯಮ ನೆನಪಾಗುವುದು ಇಂದು ಸಹಜ. ವಿಕಿರಣ ಎಂದರೆ ಅಣುಸ್ಥಾವರ, ಅಪಾಯ. ಹಾಗೆಂದು ಹೊಸ ಪದ ಕಟ್ಟಲು ಹೋಗಬೇಡಿ. ‘ಉಷ್ಣ ಸಂವಹನ’, ‘ಉಷ್ಣ ವಿಕಿರಣ’ ಎಂದು ಮೊದಲ ಬಾರಿ ಜೋಡಿಯಾಗಿ ಕೊಟ್ಟರೆ ಸಾಕು, ಉಳಿದದ್ದನ್ನು ವಾಕ್ಯ ನೋಡಿಕೊಳ್ಳುತ್ತದೆ.

ಮೂರನೆಯ ಗುಂಪಿನಲ್ಲಿ ಫ್ಯೂಷನ್ ಎಂಬ ಪದದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ದೊಡ್ಡ ದೊಡ್ಡ ಪದಪಟ್ಟಿಗಳು ಎಡವುವುದೂ ಇಂಥ ಕಡೆಯೇ. ಪಟ್ಟಿಯಲ್ಲಿ ‘ಫ್ಯೂಷನ್: ಸಮ್ಮಿಳನ’ ಎಂದಿದೆ ಎಂದುಕೊಳ್ಳಿ. ಪರಮಾಣುವಿನ ಪಾಠದಲ್ಲಿ ಅದು ಸರಿ. ಸೂರ್ಯನೊಳಗೆ ಹೈಡ್ರೋಜನ್ ಬೀಜಗಳು ಕೂಡಿ ಹೀಲಿಯಂ ಆಗುವುದು ಬೈಜಿಕ ಸಮ್ಮಿಳನ. ಈಗ ಪಿಯುಸಿಗೆ ಹೋದ ಹುಡುಗಿ ಉಷ್ಣದ ಅಧ್ಯಾಯದಲ್ಲಿ ‘ಲೇಟೆಂಟ್ ಹೀಟ್ ಆಫ್ ಫ್ಯೂಷನ್’ ಎಂಬುದನ್ನು ಓದುತ್ತಾಳೆ. ಪದಕೋಶ ತೆರೆಯುತ್ತಾಳೆ. ಗುಪ್ತ ಸಿಕ್ಕಿತು, ಉಷ್ಣ ಸಿಕ್ಕಿತು, ಸಮ್ಮಿಳನ ಸಿಕ್ಕಿತು. ಮೂರನ್ನೂ ಜೋಡಿಸಿ ‘ಸಮ್ಮಿಳನದ ಗುಪ್ತೋಷ್ಣ’ ಎಂದುಕೊಂಡು, ಮಂಜುಗಡ್ಡೆಗೂ ಪರಮಾಣು ಬೀಜಕ್ಕೂ ಏನು ಸಂಬಂಧ ಎಂದು ತಲೆಕೆಡಿಸಿಕೊಳ್ಳುತ್ತಾಳೆ. ತಪ್ಪು ಅವಳದಲ್ಲ. ಇಲ್ಲಿ ಫ್ಯೂಷನ್ ಎಂದರೆ ಕರಗುವುದು ಅಷ್ಟೇ, ನಮ್ಮ ಪದ ‘ದ್ರವನದ ಗುಪ್ತೋಷ್ಣ’. ಅವಳಿಗೆ ವಿಷಯ ಗೊತ್ತಿತ್ತು, ಲೆಕ್ಕವೂ ಬರುತ್ತಿತ್ತು. ಪದಕೋಶವೇ ಅವಳನ್ನು ದಾರಿ ತಪ್ಪಿಸಿತು. ಓದಿದ ಮಕ್ಕಳು ಹೀಗೆ ಸೋಲುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದಕ್ಕೆ ಪರಿಹಾರ ಎರಡು ಹೆಜ್ಜೆಯದು. ಒಂದು ಇಂಗ್ಲಿಷ್ ಪದಕ್ಕೆ ಎರಡು ಕಲ್ಪನೆಗಳಿದ್ದರೆ ಎರಡು ಸಾಲು ಕೊಡಿ, ಪದದ ಪಕ್ಕದಲ್ಲಿ ‘ಉಷ್ಣ’, ‘ಪರಮಾಣು’ ಎಂದು ವಿಷಯದ ಹೆಸರು ಹಾಕಿ. ಒಂದೇ ಸಾಲಿನಲ್ಲಿ ‘ಸಮ್ಮಿಳನ, ದ್ರವನ’ ಎಂದು ತುರುಕಬೇಡಿ. ಎರಡನೆಯದು, ಪದಗುಚ್ಛವಾಗಿಯೇ ಬಳಕೆಯಲ್ಲಿರುವುದನ್ನು ಪದಗುಚ್ಛವಾಗಿಯೇ ಸೇರಿಸಿ. ‘ಲೇಟೆಂಟ್ ಹೀಟ್ ಆಫ್ ಫ್ಯೂಷನ್’ ಎಂಬುದು ನಾಲ್ಕು ಪದಗಳಾದರೂ ಒಂದೇ ಕಲ್ಪನೆ, ಆದ್ದರಿಂದ ಒಂದೇ ನಮೂದು. ಅದರ ವಾಕ್ಯ ಹೀಗಿರಬಹುದು: ‘0 ಡಿಗ್ರಿಯ 1 ಕಿಲೋಗ್ರಾಂ ಮಂಜುಗಡ್ಡೆಯನ್ನು 0 ಡಿಗ್ರಿಯ ನೀರಾಗಿಸಲು ಸುಮಾರು 334 ಕಿಲೋಜೂಲ್ ಉಷ್ಣ ಬೇಕು, ಇದು ಮಂಜುಗಡ್ಡೆಯ ದ್ರವನದ ಗುಪ್ತೋಷ್ಣ.’ ಅಷ್ಟೇ ಉಷ್ಣದಿಂದ 1 ಕಿಲೋಗ್ರಾಂ ನೀರನ್ನು 20 ಡಿಗ್ರಿಯಿಂದ ಹೆಚ್ಚುಕಡಿಮೆ ಕುದಿಯುವವರೆಗೆ ಕಾಯಿಸಬಹುದು. ಜಾಗವಿದ್ದರೆ ಅದನ್ನೂ ಸೇರಿಸಿ, ಸಂಖ್ಯೆಗೆ ಒಂದು ಗಾತ್ರ ಬರುತ್ತದೆ.

ಇವಾಪರೇಷನ್ ಮತ್ತು ಬಾಯ್ಲಿಂಗ್ ಸಾಲುಗಳಲ್ಲಿ ಆಗುವ ತಪ್ಪು ಭಾಷೆಯದಲ್ಲ, ವಿಜ್ಞಾನದ್ದು. ‘ನೀರು 100 ಡಿಗ್ರಿಯಲ್ಲಿ ಆವಿಯಾಗುತ್ತದೆ’ ಎಂದು ಇವಾಪರೇಷನ್‌ಗೆ ಉದಾಹರಣೆ ಕೊಟ್ಟ ಪಟ್ಟಿಗಳನ್ನು ನೋಡಿದ್ದೇನೆ. ಆವೀಕರಣ ಯಾವ ತಾಪದಲ್ಲಾದರೂ ನಡೆಯುತ್ತದೆ, ದ್ರವದ ಮೇಲ್ಮೈಯಿಂದ ಮಾತ್ರ. ಕುದಿಯುವುದು ಒಂದು ನಿರ್ದಿಷ್ಟ ತಾಪದಲ್ಲಿ, ದ್ರವದ ಒಳಗೆಲ್ಲ ಗುಳ್ಳೆಗಳೆದ್ದು. ‘ಒದ್ದೆ ಬಟ್ಟೆ ನೆರಳಿನಲ್ಲಿಯೂ ಒಣಗುವುದು ಆವೀಕರಣದಿಂದ’ ಎಂದರೆ ಎರಡೂ ಕೈಗೆ ಸಿಗುವಷ್ಟು ಬೇರೆಯಾಗುತ್ತವೆ. 100 ಡಿಗ್ರಿ ಎಂದು ಬರೆಯುವಲ್ಲೆಲ್ಲ ‘ಸಾಮಾನ್ಯ ವಾಯುಭಾರದಲ್ಲಿ’ ಎಂಬ ಮಾತು ಬಿಡಬೇಡಿ. ಎತ್ತರದ ಬೆಟ್ಟಗಳಲ್ಲಿ ನೀರು ಅದಕ್ಕಿಂತ ಕಡಿಮೆ ತಾಪದಲ್ಲಿಯೇ ಕುದಿಯುತ್ತದೆ.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಬೇಕು. ಇಂಗ್ಲಿಷ್ ಪುಸ್ತಕ ಹಿಡಿದ ಮಕ್ಕಳು ಎಡವುವುದು ದೊಡ್ಡ ಪದಗಳಲ್ಲಿ ಮಾತ್ರವಲ್ಲ. ಲೇಟೆಂಟ್ ಹೀಟ್ ಕಂಡರೆ ಅದು ಗೊತ್ತಿಲ್ಲದ ಪದ ಎಂದಾದರೂ ತಿಳಿಯುತ್ತದೆ, ಹುಡುಕುತ್ತಾರೆ. ಬಾಡಿ, ಸ್ಟೇಟ್, ರೇಟ್ ಎಂಬವು ಗೊತ್ತಿರುವ ಪದಗಳಂತೆ ಬಂದು ಮೋಸ ಮಾಡುತ್ತವೆ. ಬಾಡಿ ಎಂದರೆ ದೇಹ ಎಂದು ಓದಿದವನಿಗೆ ‘ಬಿಸಿ ದೇಹದಿಂದ ತಣ್ಣನೆಯ ದೇಹಕ್ಕೆ ಉಷ್ಣ ಹರಿಯುತ್ತದೆ’ ಎಂದಾಗುತ್ತದೆ. ಅಲ್ಲಿ ಅದು ಕೇವಲ ‘ವಸ್ತು’. ಸ್ಟೇಟ್ ರಾಜ್ಯವಲ್ಲ, ಘನ-ದ್ರವ-ಅನಿಲ ಎಂಬ ‘ಸ್ಥಿತಿ’. ರೇಟ್ ಎಂಬುದಕ್ಕೆ ‘ದರ’ ಎಂದು ಬರೆದು ಕೈತೊಳೆದುಕೊಂಡರೆ ಮಗುವಿಗೆ ಬೆಲೆಯೇ ನೆನಪಾಗುತ್ತದೆ. ‘ದರ: ಒಂದು ಸೆಕೆಂಡಿಗೆ ಎಷ್ಟು ಎಂಬ ಲೆಕ್ಕ’ ಎಂದು ವಿವರಿಸಿ, ‘ಈ ಹೀಟರ್ ಸೆಕೆಂಡಿಗೆ 1000 ಜೂಲ್ ದರದಲ್ಲಿ ಉಷ್ಣ ಕೊಡುತ್ತದೆ’ ಎಂದು ತೋರಿಸಿ. ಉಷ್ಣದ ಅಧ್ಯಾಯದ ಹತ್ತು ಪುಟಗಳನ್ನು ಇಂಗ್ಲಿಷಿನಲ್ಲಿ ನೀವೇ ಓದಿ ಇಂಥ ಪದಗಳಿಗೆ ಅಡಿಗೆರೆ ಎಳೆಯಿರಿ. ನಿಮ್ಮ ಪದಕೋಶದ ಅತ್ಯಂತ ಉಪಯುಕ್ತ ಸಾಲುಗಳು ಅಲ್ಲಿಂದಲೇ ಬರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಸಮಾನ ಪದ ಮತ್ತು ವಿವರಣೆಗೆ ಬೇರೆ ಬೇರೆ ಕಾಲಂ ಇಟ್ಟುಕೊಂಡಿರಿ, ಮುದ್ರಣಕ್ಕೆ ಕೊಡುವಾಗ ಒಂದಾಗಿಸಿ. ಇದರ ಲಾಭ ಇದು: ಹಾಳೆಯನ್ನು ಕನ್ನಡ ಪದದ ಕಾಲಂನಿಂದ ಜೋಡಿಸಿದರೆ ಒಂದೇ ಕನ್ನಡ ಪದವನ್ನು ಎರಡು ಇಂಗ್ಲಿಷ್ ಪದಗಳಿಗೆ ಕೊಟ್ಟಿರುವ ಕಡೆಯೆಲ್ಲ ಸಾಲುಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಕನ್ನಡ ಪದ ಬಿ ಕಾಲಂನಲ್ಲಿದ್ದರೆ, ಖಾಲಿ ಕಾಲಂನಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=COUNTIF(B:B,B2)
```

1ಕ್ಕಿಂತ ಹೆಚ್ಚು ಬಂದ ಕಡೆ ನಿಂತು ನೋಡಿ. ಹೀಟ್ ಕೆಪ್ಯಾಸಿಟಿಗೂ ಪವರ್‌ಗೂ ಬರಿದೇ ‘ಸಾಮರ್ಥ್ಯ’ ಎಂದು ಬರೆದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಆದರೆ ಸೂತ್ರಕ್ಕೆ ಕಣ್ಣಿಲ್ಲ, ಅಕ್ಷರ ಮಾತ್ರ ಗೊತ್ತು. ಒಂದು ಕಡೆ ಸಮ್ಮಿಳನ, ಇನ್ನೊಂದು ಕಡೆ ಸಮ್ಮಿಲನ ಎಂದಿದ್ದರೆ, ಅಥವಾ ಪದದ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೆ ಅವನ್ನು ಬೇರೆ ಪದಗಳೆಂದೇ ಎಣಿಸುತ್ತದೆ. ಹಾಗಾಗಿ ಜೋಡಿಸಿದ ಪಟ್ಟಿಯನ್ನು ಒಮ್ಮೆ ಕಣ್ಣಿನಿಂದಲೂ ಓದಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಭಾಗಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಹುಡುಕಾಟವೂ ಜೋಡಣೆಯೂ ಕೆಲಸ ಮಾಡುವುದಿಲ್ಲ.

ಮುದ್ರಣಕ್ಕೆ ಮುನ್ನ ಮಕ್ಕಳ ಕೈಗೆ ಒಂದು ಹಾಳೆ ಕೊಡಿ. ಒಂದು ಗುಂಪಿನ ಉದಾಹರಣೆ ವಾಕ್ಯಗಳಿಂದ ಪದವನ್ನು ತೆಗೆದು ಖಾಲಿ ಬಿಡಿ, ಮೇಲೆ ಆ ಗುಂಪಿನ ಪದಗಳನ್ನು ಬರೆಯಿರಿ, ಪದಕೋಶ ತೋರಿಸದೆ ತುಂಬಿಸಲು ಹೇಳಿ. ಇದು ಮಕ್ಕಳಿಗಲ್ಲ, ವಾಕ್ಯಗಳಿಗೆ ಪರೀಕ್ಷೆ. ಪಾಠ ಚೆನ್ನಾಗಿ ಬಲ್ಲ ಮಕ್ಕಳೇ ಒಂದು ಜಾಗದಲ್ಲಿ ಬೇರೆ ಬೇರೆ ಪದ ಬರೆದರೆ ಆ ವಾಕ್ಯ ಸಡಿಲವಾಗಿದೆ, ತಿದ್ದಿ ಬರೆಯಿರಿ. ಎಲ್ಲರೂ ಒಂದೇ ತಪ್ಪು ಪದ ಬರೆದರೆ ತಪ್ಪಿರುವುದು ವಾಕ್ಯದಲ್ಲಲ್ಲ, ನೀವು ಆರಿಸಿದ ಕನ್ನಡ ಪದದಲ್ಲಿ. ಆಗ ಎರಡನೆಯ ಕಾಲಂಗೆ ಹಿಂತಿರುಗಿ. ಉಷ್ಣದ ಗುಂಪನ್ನು ಹೀಗೆ ಮುಗಿಸಿದ ಮೇಲೆ ವಿದ್ಯುತ್ತಿನ ಪಾಠವನ್ನು ಕೈಗೆತ್ತಿಕೊಳ್ಳಿ. ಅಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ, ರೋಧಶೀಲತೆಗಳು ಇದೇ ರೀತಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ರೋಧಕ್ಕೂ ರೋಧಶೀಲತೆಗೂ ವಾಕ್ಯ ಬರೆಯುವಾಗ ಮೇಲಿನ ಲೋಟ ಮತ್ತು ಬಕೆಟ್ಟಿನ ಜಾಡನ್ನೇ ಹಿಡಿಯಬಹುದು: ಒಂದೇ ತಾಮ್ರದ ಉದ್ದ ತಂತಿ, ಗಿಡ್ಡ ತಂತಿ.